ಬರಬಾರದ 1: ರ‍್ಯಾಂಡಮ್ ದಶಮಾಂಶಗಳ ಅಂಚಿನ ಕಥೆ

ಕಂಪ್ಯೂಟರನ್ನು 0 ಮತ್ತು 1ರ ನಡುವಿನ ಒಂದು ರ‍್ಯಾಂಡಮ್ ದಶಮಾಂಶ ಕೇಳಿದಾಗ ಒಳಗೆ ಸಾಮಾನ್ಯವಾಗಿ ನಡೆಯುವುದು ಒಂದು ಭಾಗಾಕಾರ. ಯಂತ್ರ ಮೊದಲು ಹುಟ್ಟಿಸುವುದು ಪೂರ್ಣಾಂಕವನ್ನು. ಅದನ್ನು ಒಂದು ದೊಡ್ಡ ಸಂಖ್ಯೆಯಿಂದ ಭಾಗಿಸಿದರೆ ದಶಮಾಂಶ ಸಿಗುತ್ತದೆ. 1949ರಲ್ಲಿ ಡಿ.ಎಚ್. ಲೆಹ್ಮರ್ ಎನಿಯಾಕ್ ಯಂತ್ರಕ್ಕೆ ಸೂಚಿಸಿದ ವಿಧಾನವೂ ಪೂರ್ಣಾಂಕಗಳದ್ದೇ: ಹಿಂದಿನ ಸಂಖ್ಯೆಯನ್ನು 23ರಿಂದ ಗುಣಿಸಿ, 100000001ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಮುಂದಿನ ಸಂಖ್ಯೆ. ಅಂದಿನಿಂದ ಪೂರ್ಣಾಂಕ ಹುಟ್ಟಿಸುವ ಸೂತ್ರಗಳ ಬಗ್ಗೆ ಬಂದಿರುವ ಸಂಶೋಧನೆಗೆ ಲೆಕ್ಕವಿಲ್ಲ. ಅದರ ನಂತರದ ಒಂದು ಸಾಲಿನ ಭಾಗಾಕಾರಕ್ಕೆ ಮಾತ್ರ ಬಹುಕಾಲ ಯಾರೂ ಅಷ್ಟು ಗಮನ ಕೊಡಲಿಲ್ಲ. ತಪ್ಪುಗಳು ಮತ್ತೆ ಮತ್ತೆ ಹುಟ್ಟಿದ್ದು ಆ ಸಾಲಿನಲ್ಲೇ.

ಮೊದಲ ತಪ್ಪು ಸಿ ಭಾಷೆ ಕಲಿತ ಹಲವರಿಗೆ ಗೊತ್ತಿರುವಂಥದ್ದು. `rand()` ಕೊಡುವ ಪೂರ್ಣಾಂಕವನ್ನು `RAND_MAX`ನಿಂದ ಭಾಗಿಸಿದರೆ 0ಯೂ ಬರುತ್ತದೆ, ಪೂರ್ತಿ 1 ಕೂಡ ಬರುತ್ತದೆ. ಆ ಉತ್ತರವನ್ನು 6ರಿಂದ ಗುಣಿಸಿ, ದಶಮಾಂಶ ಕತ್ತರಿಸಿ, 1 ಕೂಡಿಸಿ ದಾಳ ಉರುಳಿಸಿದರೆ ಒಮ್ಮೊಮ್ಮೆ 7 ಬೀಳುತ್ತದೆ. ಮೈಕ್ರೋಸಾಫ್ಟಿನ ಕಂಪೈಲರಿನಲ್ಲಿ `RAND_MAX` ಬರೀ 32767, ಹಾಗಾಗಿ ಸರಾಸರಿ 32768 ಸಲಕ್ಕೆ ಒಮ್ಮೆ 7 ಬರಬೇಕು. ಪರೀಕ್ಷೆ ಮಾಡುವಾಗ ಕಾಣದೆ, ಪ್ರೋಗ್ರಾಂ ಬಳಕೆಗೆ ಹೋದ ಮೇಲೆ ಕಾಣುವಷ್ಟು ಅಪರೂಪ ಅದು. ಪರಿಹಾರ ಸರಳ: ಛೇದಕ್ಕೆ ಒಂದು ಕೂಡಿಸಿದರಾಯಿತು. ಆದರೆ ಲಿನಕ್ಸಿನ ಗ್ಲಿಬ್‌ಸಿಯಲ್ಲಿ `RAND_MAX` ಆಗಲೇ 2147483647, ಅಂದರೆ `int`ನ ತುತ್ತತುದಿ. ಅಲ್ಲಿ `RAND_MAX + 1` ಬರೆದರೆ ಮಿತಿ ಮೀರುತ್ತದೆ. `RAND_MAX + 1.0` ಎಂದೇ ಬರೆಯಬೇಕು.

ಮಾಕೋಟೊ ಮಾತ್ಸುಮೊಟೊ ಮತ್ತು ತಕುಜಿ ನಿಶಿಮುರಾ 1998ರಲ್ಲಿ ಪ್ರಕಟಿಸಿದ ಮರ್ಸೆನ್ ಟ್ವಿಸ್ಟರ್ ಬಂದಾಗ ಈ ಗೊಂದಲ ತಕ್ಕಮಟ್ಟಿಗೆ ತಿಳಿಯಾಯಿತು. ಅವರು ಹಂಚಿದ ಸಿ ಕಡತದಲ್ಲಿ ಒಂದೇ 32 ಬಿಟ್ ಪೂರ್ಣಾಂಕವನ್ನು ಮೂರು ರೀತಿ ಭಾಗಿಸುವ ಮೂರು ಫಂಕ್ಷನ್‌ಗಳಿವೆ: ಎರಡೂ ತುದಿ ಸೇರುವುದಕ್ಕೆ ಒಂದು, 0 ಮಾತ್ರ ಸೇರುವುದಕ್ಕೆ ಒಂದು, ಎರಡೂ ಸೇರದಿರುವುದಕ್ಕೆ ಒಂದು. ಮೂರನೆಯದು ಚೈನಿಯಲ್ಲ. ಬಂದ ಸಂಖ್ಯೆಯ ಲಾಗರಿದಮ್ ತೆಗೆಯುವ ಲೆಕ್ಕದಲ್ಲಿ ಒಂದೇ ಒಂದು 0 ನುಸುಳಿದರೂ ಉತ್ತರ ಅನಂತಕ್ಕೆ ಹಾರುತ್ತದೆ.

ಅಲ್ಲಿಗೆ ಅಂಚಿನ ಪ್ರಶ್ನೆ ಮುಗಿಯಬೇಕಿತ್ತು. ಮುಗಿಯದಿರಲು ಕಾರಣ ರೌಂಡಿಂಗ್. 64 ಬಿಟ್‌ನ ಡಬಲ್ ಸಂಖ್ಯೆಯಲ್ಲಿ ಅಂಕಿಗಳಿಗೆ ಇರುವ ಜಾಗ 53 ಬಿಟ್. ಜಾವಾದ ಆರಂಭದ ಆವೃತ್ತಿಗಳು 54 ಬಿಟ್‌ನ ಪೂರ್ಣಾಂಕವನ್ನು ಭಾಗಿಸುತ್ತಿದ್ದವು. ಒಂದು ಬಿಟ್ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎನಿಸುತ್ತದೆ. ಆದರೆ 54 ಬಿಟ್ ಪೂರ್ತಿ ಬೇಕಾದ ಸಂಖ್ಯೆಗಳಲ್ಲಿ ಬೆಸ ಸಂಖ್ಯೆಗೆ ಡಬಲ್‌ನಲ್ಲಿ ಜಾಗವಿಲ್ಲ. ಅದು ಎರಡು ನೆರೆಯವುಗಳ ಸರಿಯಾಗಿ ನಡುವೆ ನಿಲ್ಲುತ್ತದೆ, ಮತ್ತು ನಿಯಮದಂತೆ ಕೊನೆಯ ಬಿಟ್ 0 ಇರುವ ಕಡೆಗೇ ಸರಿಯುತ್ತದೆ. ಹೀಗೆ ಕೊನೆಯ ಬಿಟ್ 0 ಇರುವ ಪ್ರತಿ ಸಂಖ್ಯೆಗೆ ತನ್ನ ಪಾಲಿನ ಜೊತೆ ಎಡಬಲದ ಬೆಸಗಳೂ ಬಂದು ಸೇರುತ್ತವೆ, ಒಟ್ಟು ಮೂರು ಪಾಲು. 1 ಇರುವುದಕ್ಕೆ ಒಂದೇ ಪಾಲು. ಜಾವಾದ ದಾಖಲೆಯಲ್ಲಿ ಈ ಮೂರು ಪಟ್ಟು ವಾಲಿಕೆಯನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅದು ನನಗೆ ಮೆಚ್ಚುಗೆಯಾದ ಸಂಗತಿ. ಸರಿಪಡಿಸಿದ್ದು ಒಂದು ಬಿಟ್ ಕಡಿಮೆ ಮಾಡಿ.

ಅದೇ ರೌಂಡಿಂಗ್ ಅಂಚಿನಲ್ಲಿ ನಡೆದರೆ ಬರಬಾರದ 1 ಬರುತ್ತದೆ. 32 ಬಿಟ್‌ನ ಫ್ಲೋಟ್‌ನಲ್ಲಿ ಅಂಕಿಗಳಿಗೆ ಜಾಗ 24 ಬಿಟ್ ಮಾತ್ರ. 32 ಬಿಟ್‌ನ ಪೂರ್ಣಾಂಕವೊಂದನ್ನು 4294967296ರಿಂದ ಭಾಗಿಸಿ ಫ್ಲೋಟ್‌ನಲ್ಲಿ ಇಟ್ಟರೆ, ತುದಿಯ 128 ಪೂರ್ಣಾಂಕಗಳೂ 1.0 ಆಗಿಬಿಡುತ್ತವೆ, ಅಂದರೆ ಸುಮಾರು ಮೂರೂವರೆ ಕೋಟಿಗೆ ಒಂದು. 2011ರ ಸಿ++ ಮಾನಕದ `generate_canonical` ಇದೇ ಬಲೆಗೆ ಬಿತ್ತು. ಹಲವು ವರ್ಷ ಚರ್ಚೆಯಾಗಿ, ಹೊಸ ವ್ಯಾಖ್ಯೆಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಗೋ ಭಾಷೆಯವರ ಅನುಭವ ಇನ್ನೂ ಪಾಠದಂತಿದೆ. ಅವರು ಮೊದಲು 1 ಬಂದರೆ ಅದನ್ನು 0 ಎಂದು ಬದಲಿಸಿ ನೋಡಿದರು. 0ಯ ಸುತ್ತ ಫ್ಲೋಟ್‌ಗಳು ಬಹಳ ಒತ್ತೊತ್ತಾಗಿರುವುದರಿಂದ 0ಗೆ ನ್ಯಾಯವಾಗಿ ಸಿಗಬೇಕಾದ ಪಾಲು ತೀರಾ ಸಣ್ಣದು. ಈ ಬದಲಾವಣೆಯಿಂದ ಅದು ಮಿತಿಮೀರಿ ಹೆಚ್ಚಿತು. ಕೊನೆಗೆ 1 ಬಂದರೆ ಎಸೆದು ಮತ್ತೆ ಇನ್ನೊಂದು ಸಂಖ್ಯೆ ತೆಗೆಯುವುದೇ ಸರಿ ಎಂದು ತೀರ್ಮಾನಿಸಿದರು.

ಇಷ್ಟೆಲ್ಲ ಸರಿಯಾದ ಮೇಲೂ ಬೇರೆ ವ್ಯಾಪ್ತಿ ಕೇಳಿದಾಗ ಕಥೆ ಮತ್ತೆ ಶುರುವಾಗುತ್ತದೆ. a ಮತ್ತು b ನಡುವಿನ ಸಂಖ್ಯೆಗೆ ಎಲ್ಲರೂ ಬರೆಯುವ ಸೂತ್ರ `a + (b - a) * u`. ಇಲ್ಲಿ u ಎಂದೂ 1 ಆಗದಿದ್ದರೂ ಕೂಡಿಸುವಾಗ ಇನ್ನೊಂದು ರೌಂಡಿಂಗ್ ಆಗುತ್ತದೆ. ಮೈಕ್ರೋಸೆಕೆಂಡ್‌ಗಳಲ್ಲಿ ಬರೆದ ಯೂನಿಕ್ಸ್ ಸಮಯವನ್ನು ತೆಗೆದುಕೊಳ್ಳಿ. 2023ರ ನವೆಂಬರಿನಲ್ಲಿ ಅದು 1.7e15 ದಾಟಿತು.

```python
import random
a = 1.7e15
b = a + 1
n = 80000
print(sum(random.uniform(a, b) == b for _ in range(n)))
```

ಉತ್ತರ ಹತ್ತು ಸಾವಿರದ ಆಸುಪಾಸಿನಲ್ಲಿರುತ್ತದೆ. ಅಷ್ಟು ದೊಡ್ಡ ಸಂಖ್ಯೆಗಳ ಬಳಿ ಅಕ್ಕಪಕ್ಕದ ಎರಡು ಡಬಲ್‌ಗಳ ಅಂತರ 0.25. ಹಾಗಾಗಿ ಈ ವ್ಯಾಪ್ತಿಯಲ್ಲಿ ಇರುವುದೇ ಐದು ಸಂಖ್ಯೆಗಳು, ಮತ್ತು u 0.875 ಮುಟ್ಟಿದೊಡನೆ ಉತ್ತರ b ಆಗುತ್ತದೆ: ಎಂಟಕ್ಕೆ ಒಂದು ಸಲ! ಪೈಥಾನ್ ದಾಖಲೆ b ಬರಬಹುದು, ಬರದೆಯೂ ಇರಬಹುದು ಎಂದು ಹೇಳಿ ಸುಮ್ಮನಾಗುತ್ತದೆ. ಜಾವಾ, b ಬಂದರೆ ಅದಕ್ಕಿಂತ ಕೆಳಗಿನ ನೆರೆಯ ಸಂಖ್ಯೆಯನ್ನು ಕೊಡುತ್ತದೆ. ತುದಿ ತಪ್ಪುತ್ತದೆ, ಆದರೆ ಆ ನೆರೆಯದಕ್ಕೆ ಹೆಚ್ಚುವರಿ ಪಾಲು ಸೇರುತ್ತದೆ.

ಫ್ರಾನ್ಸಿನ ಫ್ರೆಡರಿಕ್ ಗುವಾಲಾರ್ 2022ರ ಪ್ರಬಂಧದಲ್ಲಿ ಸೂತ್ರವನ್ನೇ ಕೈಬಿಟ್ಟರು. ವ್ಯಾಪ್ತಿಯೊಳಗೆ ನೆರೆಯ ಫ್ಲೋಟ್‌ಗಳ ನಡುವೆ ಇರುವ ಅತಿ ದೊಡ್ಡ ಅಂತರವನ್ನು ಹೆಜ್ಜೆಯಾಗಿ ಹಿಡಿದು, ಎಷ್ಟನೇ ಹೆಜ್ಜೆ ಎಂಬುದನ್ನು ಮಾತ್ರ ರ‍್ಯಾಂಡಮ್ ಪೂರ್ಣಾಂಕದಿಂದ ನಿರ್ಧರಿಸುತ್ತಾರೆ. ಹಾಗಾಗಿ ಯಾವ ತುದಿ ಸೇರಬೇಕು, ಯಾವುದು ಬೇಡ ಎಂಬುದು ಪೂರ್ಣಾಂಕದ ಲೆಕ್ಕದಲ್ಲೇ ತೀರ್ಮಾನವಾಗುತ್ತದೆ. ಜಾವಾ 22ರ `equiDoubles` ಇದೇ ದಾರಿಯಲ್ಲಿದೆ. ಈವರೆಗೆ ಬಂದ ಉಪಾಯಗಳಲ್ಲಿ ನನಗೆ ಅತ್ಯಂತ ಪ್ರಾಮಾಣಿಕ ಎನಿಸುವುದು ಇದೇ. ಯಂತ್ರದಲ್ಲಿ ಇಲ್ಲದ ಸಂಖ್ಯೆಗಳನ್ನು ಇವೆಯೆಂದು ಅದು ನಟಿಸುವುದಿಲ್ಲ.

ದಿನನಿತ್ಯದ ಕೆಲಸದಲ್ಲಿ ಹೆಚ್ಚು ಕಾಡುವುದು ಇನ್ನೊಂದು ರೂಪ: ಒಂದೇ ದಶಮಾಂಶ ಸ್ಥಾನದ ಸಂಖ್ಯೆ ಬೇಕಾದಾಗ `round(random.uniform(0, 1), 1)` ಎಂದು ಬರೆಯುವುದು. 0.3 ಬರಲು 0.25ರಿಂದ 0.35ರವರೆಗಿನ ಜಾಗವಿದೆ, 0.0 ಬರಲು 0ಯಿಂದ 0.05ರವರೆಗೆ ಮಾತ್ರ. ಎರಡೂ ತುದಿಗಳಿಗೆ ಉಳಿದವುಗಳ ಅರ್ಧ ಪಾಲು ಸಿಗುತ್ತದೆ. ಒಂದು ಲಕ್ಷ ಸಲ ತೆಗೆದು ಎಣಿಸಿದರೆ ನಡುವಿನವು ಹತ್ತು ಸಾವಿರದ ಹತ್ತಿರ, ತುದಿಯವು ಐದು ಸಾವಿರದ ಹತ್ತಿರ ನಿಲ್ಲುತ್ತವೆ. ಬೇಕಾದದ್ದು ಹನ್ನೊಂದು ಸಮಪಾಲಿನ ಸಂಖ್ಯೆಗಳಾದರೆ, ಹನ್ನೊಂದು ಪೂರ್ಣಾಂಕಗಳಲ್ಲೇ ಒಂದನ್ನು ಆರಿಸಬೇಕು.

```python
x = random.randint(0, 10) / 10
```

ಇಲ್ಲಿ 10ರಿಂದ ಭಾಗಿಸಬೇಕು, 0.1ರಿಂದ ಗುಣಿಸಬಾರದು. `3 * 0.1` ಕೊಡುವುದು 0.30000000000000004, ಏಕೆಂದರೆ 0.1 ಮೊದಲೇ ರೌಂಡ್ ಆದ ಸಂಖ್ಯೆ, ಗುಣಿಸಿದಾಗ ಮತ್ತೊಮ್ಮೆ ರೌಂಡ್ ಆಗುತ್ತದೆ. `3 / 10`ರಲ್ಲಿ ರೌಂಡಿಂಗ್ ಒಂದೇ ಸಲ, ಹಾಗಾಗಿ ಸಿಗುವುದು 0.3 ಎಂದು ಟೈಪ್ ಮಾಡಿದರೆ ಯಂತ್ರ ಇಟ್ಟುಕೊಳ್ಳುವ ಅದೇ ಡಬಲ್. ಹಣದ ಲೆಕ್ಕದಲ್ಲಿ ಈ ಭಾಗಾಕಾರವೂ ಬೇಡ. ಪೈಸೆಗಳಲ್ಲೇ ಪೂರ್ಣಾಂಕವಾಗಿ ಇಟ್ಟುಕೊಂಡು, ಪರದೆಗೆ ತೋರಿಸುವಾಗ ಮಾತ್ರ ಚುಕ್ಕಿ ಹಾಕಬಹುದು.