ಸೋತ ವಿಡಿಯೋದ ಕಾರಣಶೋಧ: ಹಳದಿ ಮಾರ್ಗದ ಒಂದು ಮಾದರಿ

ವಿಡಿಯೋ ಓಡದಿದ್ದಾಗ ವಸ್ತು, ಹೊರರೂಪ, ಸಮಯ, ಅದೃಷ್ಟ ಎಂಬ ನಾಲ್ಕು ಕಾರಣಗಳನ್ನು ಬೇರ್ಪಡಿಸುವುದು ಹೇಗೆ? ಬೆಂಗಳೂರು ಮೆಟ್ರೊದ ಹಳದಿ ಮಾರ್ಗವನ್ನು ಆಧಾರವಾಗಿಟ್ಟ ಒಂದು ಕಲ್ಪಿತ ಉದಾಹರಣೆಯ ಮೂಲಕ ಈ ಲೇಖನ ಅದನ್ನು ಪರಿಶೀಲಿಸುತ್ತದೆ.

ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೆ ಸಾಗುವ, 16 ನಿಲ್ದಾಣಗಳ ಈ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಆರಂಭದಲ್ಲಿ ಮೂರೇ ರೈಲುಗಳಿದ್ದು, 25 ನಿಮಿಷಕ್ಕೊಂದು ಓಡುತ್ತಿದ್ದವು. ಉದ್ಘಾಟನೆಯಾದ ಮೂರು ವಾರಕ್ಕೆ ಒಂದು ಕನ್ನಡ ಚಾನೆಲ್ 'ಹಳದಿ ಮಾರ್ಗದಲ್ಲಿ ಒಂದು ದಿನ' ಎಂಬ ವಿಡಿಯೋ ಹಾಕಿತೆಂದುಕೊಳ್ಳೋಣ. ಮೊದಲ ಎರಡು ದಿನ ಥಂಬ್‌ನೇಲ್ 1,000 ಬಾರಿ ಕಾಣಿಸಿಕೊಂಡು 30 ಕ್ಲಿಕ್ ತಂದಿತು. ಅದೇ ಚಾನೆಲ್ಲಿನ ಹಿಂದಿನ ಹತ್ತು ವಿಡಿಯೋಗಳ ಸರಾಸರಿ, ಅಷ್ಟೇ ಅವಧಿಗೆ, ಶೇ. 5.

ಮೊದಲು ಅದೃಷ್ಟದ ಲೆಕ್ಕ. ಶೇ. 5ರಂತೆ 50 ಕ್ಲಿಕ್ ಬರಬೇಕಿತ್ತು. ಆಕಸ್ಮಿಕ ಏರಿಳಿತದ ಅಳತೆ, ಅಂದರೆ ಪ್ರಮಾಣ ವಿಚಲನೆ, ಇಲ್ಲಿ ಸುಮಾರು 7. ಹಾಗಾಗಿ 20ರ ಕೊರತೆಯನ್ನು ಬರೀ ದುರದೃಷ್ಟವೆನ್ನುವುದು ಕಷ್ಟ. ಥಂಬ್‌ನೇಲ್ 200 ಬಾರಿ ಮಾತ್ರ ಕಾಣಿಸಿಕೊಂಡು 10ರ ಬದಲು 6 ಕ್ಲಿಕ್ ಬಂದಿದ್ದರೆ ಏನನ್ನೂ ತೀರ್ಮಾನಿಸಲಾಗದು. ಅಲ್ಲಿ ಏರಿಳಿತವೇ 3. ಒಬ್ಬರಿಗೇ ಹಲವು ಬಾರಿ ತೋರಿಸಿರಬಹುದಾದ್ದರಿಂದ ನಿಜವಾದ ಅನಿಶ್ಚಿತತೆ ಇದಕ್ಕಿಂತ ತುಸು ಹೆಚ್ಚೇ.

ಮುಂದಿನ ಪ್ರಶ್ನೆ, ಒಳಗೆ ಬಂದವರು ಏನು ಮಾಡಿದರು? ಯೂಟ್ಯೂಬ್ ಸ್ಟುಡಿಯೋದ ವೀಕ್ಷಣೆ ಉಳಿಕೆಯ ರೇಖೆ ಚಾನೆಲ್ಲಿನ ಸಾಮಾನ್ಯ ಮಟ್ಟದಲ್ಲಿಯೇ ಇದ್ದರೆ ತಪ್ಪು ಬಾಗಿಲಲ್ಲಿದೆ, ಮನೆಯೊಳಗಲ್ಲ. ಆಗ ಶೀರ್ಷಿಕೆಯನ್ನು 'ಬೊಮ್ಮಸಂದ್ರಕ್ಕೆ ಮೆಟ್ರೊದಲ್ಲಿ ಎಷ್ಟು ಹೊತ್ತು?' ಎಂದು ಬದಲಿಸಿ, ವಿಡಿಯೋವನ್ನು ಹಾಗೇ ಬಿಟ್ಟು ನೋಡಬೇಕು. ಕ್ಲಿಕ್ ಏರಿ, ಉಳಿಕೆ ಇಳಿಯದಿದ್ದರೆ ದೋಷ ಹೊರರೂಪದ್ದು. ಕ್ಲಿಕ್ ಏರಿ ಉಳಿಕೆ ಕುಸಿದರೆ ಶೀರ್ಷಿಕೆ ಕೊಟ್ಟ ಮಾತನ್ನು ವಿಡಿಯೋ ಉಳಿಸಿಕೊಂಡಿಲ್ಲ.

ವಸ್ತು ಮತ್ತು ಸಮಯ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇವನ್ನು ಬಿಡಿಸಲು ಅದೇ ಮಾರ್ಗದ ಬಗ್ಗೆ ಇತರರು ಮೊದಲೇ ಹಾಕಿದ ವಿಡಿಯೋಗಳನ್ನು ಗಮನಿಸಬೇಕು. ಅವು ಈ ವಾರವೂ ಓಡುತ್ತಿದ್ದರೆ ಆಸಕ್ತಿ ಜೀವಂತವಾಗಿದೆ, ವಸ್ತುವನ್ನು ದೂರುವಂತಿಲ್ಲ. ಉದ್ಘಾಟನೆಯ ವಾರ ಓಡಿ ಈಗ ಎಲ್ಲವೂ ನಿಂತಿದ್ದರೆ ಸಮಯ ತಪ್ಪಿದೆ. ಯಾವಾಗಲೂ ಯಾವುದೂ ಓಡಿಲ್ಲವಾದರೆ ವಸ್ತುವೇ ದುರ್ಬಲ. ರೈಲುಗಳು ಹೆಚ್ಚಿದಂತೆ 25 ನಿಮಿಷವೆಂಬ ಮಾಹಿತಿ ಹಳತಾಗುವುದೂ ಸಮಯದ ದೋಷವೇ.

ಅದೃಷ್ಟವೆಂಬುದು ಇಲ್ಲವೆಂದಲ್ಲ. 2006ರಲ್ಲಿ ಸಂಶೋಧಕರಾದ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಪ್ರಕಟಿಸಿದ ಪ್ರಯೋಗದಲ್ಲಿ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಜನರ ಮುಂದಿಡಲಾಯಿತು. ಇತರರ ಆಯ್ಕೆ ಕಾಣುತ್ತಿದ್ದ ಎಂಟು ಪ್ರತ್ಯೇಕ ಗುಂಪುಗಳಲ್ಲಿ ಅವೇ ಹಾಡುಗಳಿಗೆ ಬೇರೆಬೇರೆ ಸ್ಥಾನ ಸಿಕ್ಕಿತು. ಆದರೂ ಅತ್ಯುತ್ತಮವಾದವು ಪೂರ್ತಿ ಸೋತದ್ದು ಅಪರೂಪ.

ಆದ್ದರಿಂದ ದುರದೃಷ್ಟವೆಂಬುದು ಮೊದಲ ವಿವರಣೆಯಾಗಬಾರದು. ಉಳಿದ ಮೂರನ್ನು ಪರೀಕ್ಷಿಸಿದ ಮೇಲೆ ಮಿಕ್ಕದ್ದಕ್ಕಷ್ಟೇ ಆ ಹೆಸರು ಸಲ್ಲುತ್ತದೆ. ಅದೂ ಒಂದೇ ವಿಡಿಯೋದಿಂದ ಸಾಬೀತಾಗುವುದಿಲ್ಲ.