ನಿರ್ಧಾರ ದಾಖಲೆ

ನಿರ್ಧಾರ ದಾಖಲೆ ಎಂಬುದು ತಂತ್ರಾಂಶ ತಂಡವೊಂದು ಕೈಗೊಂಡ ಒಂದು ನಿರ್ಧಾರವನ್ನೂ ಅದರ ಕಾರಣಗಳನ್ನೂ ತಿಳಿಸುವ, ಒಂದೆರಡು ಪುಟಗಳ ಬರಹ. ಇದರ ಪ್ರಚಲಿತ ರೂಪವನ್ನು ಮೈಕೆಲ್ ನೈಗಾರ್ಡ್ 2011ರಲ್ಲಿ ವಿವರಿಸಿದರು. ಶೀರ್ಷಿಕೆ, ಸ್ಥಿತಿ, ಹಿನ್ನೆಲೆ, ನಿರ್ಧಾರ ಮತ್ತು ಪರಿಣಾಮಗಳು ಇದರ ಭಾಗಗಳು.

ಬೆಂಗಳೂರು ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಹಂಚಿಹೋದ ತಂಡಕ್ಕೆ ಇದು ವಿಶೇಷವಾಗಿ ಉಪಯುಕ್ತ. ಅಲ್ಲಿ ಒಬ್ಬರ ಹಗಲು ಇನ್ನೊಬ್ಬರ ರಾತ್ರಿ. ಬೆಂಗಳೂರಿನವರು ದಿನದ ವರದಿಯಲ್ಲಿ "ದತ್ತಾಂಶ ಸ್ಥಳಾಂತರ ಶೇ. 60 ಮುಗಿದಿದೆ" ಎಂದಷ್ಟೇ ಬರೆದರೆ, ಉಳಿದುದೇಕೆ ನಿಂತಿದೆ ಎಂದು ಕೇಳಲು ಕರೆ ಅನಿವಾರ್ಯವಾಗುತ್ತದೆ. "ಹಳೆಯ ಕಡತಗಳನ್ನು ಸಾಗಿಸಬೇಕೇ ಎಂಬುದು ತೀರ್ಮಾನವಾಗಿಲ್ಲ, ಗುರುವಾರ ಸಂಜೆ 6ರೊಳಗೆ (ಭಾರತೀಯ ಕಾಲಮಾನ) ಆಕ್ಷೇಪ ಬಾರದಿದ್ದರೆ ಅವನ್ನು ಹಳೆಯ ಸರ್ವರ್‌ನಲ್ಲೇ ಉಳಿಸಲಾಗುವುದು" ಎಂದು ಬರೆದರೆ ಉತ್ತರವೂ ಬರಹದಲ್ಲೇ ಬರುತ್ತದೆ. ಈ ಟಿಪ್ಪಣಿ ಮಂಗಳವಾರವೇ ಹೊರಡಬೇಕು. ಗುರುವಾರ ಬೆಳಿಗ್ಗೆ ಕಳುಹಿಸಿದರೆ ಗಡುವು ಮುಗಿಯುವವರೆಗೂ ಅಲ್ಲಿ ರಾತ್ರಿಯೇ ಇರುತ್ತದೆ. ಅಂಥ ಮೌನವನ್ನು ಒಪ್ಪಿಗೆ ಎನ್ನಲಾಗದು.

ಗಡುವಿನ ಬಳಿಕ ದಾಖಲೆಯ ಸ್ಥಿತಿ 'ಪ್ರಸ್ತಾವಿತ'ದಿಂದ 'ಅಂಗೀಕೃತ'ಕ್ಕೆ ಬದಲಾಗುತ್ತದೆ. ಮುಂದೆ ನಿರ್ಧಾರ ಬದಲಾದರೂ ಹಳೆಯ ದಾಖಲೆಯನ್ನು ಅಳಿಸುವುದಿಲ್ಲ. ಹೊಸ ಸಂಖ್ಯೆಯ ದಾಖಲೆ ಬರೆದು ಹಳೆಯದರಲ್ಲಿ ಅದನ್ನು ಸೂಚಿಸಲಾಗುತ್ತದೆ. ಕೈಬಿಟ್ಟ ಆಯ್ಕೆಗಳನ್ನೂ ಅವನ್ನು ಬಿಟ್ಟ ಕಾರಣಗಳನ್ನೂ ಬರೆಯದ ದಾಖಲೆ ಬೇಗ ನಿರುಪಯುಕ್ತವಾಗುತ್ತದೆ: ಕೆಲವು ತಿಂಗಳಲ್ಲಿ ಅದೇ ಪ್ರಶ್ನೆ ಮತ್ತೆ ಸಭೆಗೆ ಬರುವುದೇ ಇದರ ಲಕ್ಷಣ. ಸೇವೆ ಸ್ಥಗಿತಗೊಂಡಂಥ ತುರ್ತಿನಲ್ಲಿ ಮೊದಲು ಕರೆ, ದಾಖಲೆ ಆನಂತರ.