ಮಂಡಿ ನೋವಿನ ಹಿಂದೆ ಜೈಂಟ್ ಸೆಲ್ ಟ್ಯೂಮರ್: ಮೂಳೆಯ ಗಡ್ಡೆಯನ್ನು ಕೆರೆದು ತೆಗೆದರಷ್ಟೇ ಸಾಲದು, ಏಕೆ?

ಮೂಳೆಯಲ್ಲಿ ಬೆಳೆಯುವ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಕ್ಯಾನ್ಸರ್ ಅಲ್ಲದ ಗಡ್ಡೆಯೂ ಮೂಳೆಯನ್ನು ಒಳಗಿಂದ ತಿಂದು ಹಾಕಬಲ್ಲದು, ತೆಗೆದ ಮೇಲೂ ಅದೇ ಜಾಗದಲ್ಲಿ ಮತ್ತೆ ಬೆಳೆಯಬಲ್ಲದು. ಜೈಂಟ್ ಸೆಲ್ ಟ್ಯೂಮರ್ ಅಂಥದ್ದೊಂದು ಗಡ್ಡೆ. 20ರಿಂದ 40 ವರ್ಷದವರಲ್ಲಿ ಇದು ಹೆಚ್ಚು. ಪುರುಷರಿಗಿಂತ ಮಹಿಳೆಯರಲ್ಲಿ ತುಸು ಜಾಸ್ತಿ.

ಎಲ್ಲಿ ಬರುತ್ತದೆ?

ಉದ್ದ ಮೂಳೆಗಳ ತುದಿಯಲ್ಲಿ, ಅಂದರೆ ಕೀಲಿಗೆ ಅಂಟಿಕೊಂಡ ಭಾಗದಲ್ಲಿ. ಸುಮಾರು ಅರ್ಧದಷ್ಟು ಪ್ರಕರಣಗಳು ಮಂಡಿಯ ಸುತ್ತಲೇ ಕಾಣುತ್ತವೆ. ತೊಡೆ ಮೂಳೆಯ ಕೆಳತುದಿ ಮತ್ತು ಮೊಳಕಾಲಿನ ದೊಡ್ಡ ಮೂಳೆಯ ಮೇಲ್ತುದಿ ಇದರ ಮುಖ್ಯ ತಾಣಗಳು. ಮಣಿಕಟ್ಟಿನ ಬಳಿ, ಹೆಬ್ಬೆರಳಿನ ಕಡೆಯ ಮೂಳೆಯಲ್ಲಿಯೂ ಬರುತ್ತದೆ.

ಗಡ್ಡೆಯಲ್ಲಿ ಹಲವು ಕೋಶಕೇಂದ್ರಗಳಿರುವ ದೈತ್ಯ ಕೋಶಗಳು ತುಂಬಿರುತ್ತವೆ. ಹೆಸರು ಬಂದಿದ್ದು ಅವುಗಳಿಂದಲೇ. ಆದರೆ ನಿಜವಾದ ಗಡ್ಡೆಯ ಕೋಶಗಳು ಅವುಗಳ ನಡುವೆ ಇರುವ ಸಣ್ಣ ಕೋಶಗಳು. ಇವು ಸಂಕೇತ ಕೊಟ್ಟು ದೈತ್ಯ ಕೋಶಗಳನ್ನು ಕರೆಸುತ್ತವೆ, ದೈತ್ಯ ಕೋಶಗಳು ಮೂಳೆಯನ್ನು ಕರಗಿಸುತ್ತವೆ.

ಎಕ್ಸ್‌-ರೇಯಲ್ಲಿ ಹೇಗೆ ಕಾಣುತ್ತದೆ?

ಉದಾಹರಣೆಗೆ, 28 ವರ್ಷದ ಮಹಿಳೆಯೊಬ್ಬರಿಗೆ ನಾಲ್ಕು ತಿಂಗಳಿಂದ ಮಂಡಿ ನೋವು ಎಂದುಕೊಳ್ಳಿ. ಬಿದ್ದ ನೆನಪಿಲ್ಲ, ಮಾತ್ರೆ ನುಂಗಿದರೆ ಎರಡು ದಿನ ಆರಾಮ. ಈಗ ಮಂಡಿಯ ಒಳಬದಿಯಲ್ಲಿ ಊತವೂ ಇದೆ, ಪೂರ್ತಿ ಮಡಚಲು ಆಗುತ್ತಿಲ್ಲ.

ಎಕ್ಸ್‌-ರೇಯಲ್ಲಿ ತೊಡೆ ಮೂಳೆಯ ಕೆಳತುದಿಯ ಒಂದು ಪಕ್ಕದಲ್ಲಿ ಕಪ್ಪು ಕುಳಿ ಕಾಣುತ್ತದೆ. ಅದು ಮಧ್ಯದಲ್ಲಿಲ್ಲ, ಪಕ್ಕಕ್ಕೆ ಸರಿದಿದೆ. ಕೀಲಿನ ಮೃದ್ವಸ್ಥಿಯ ಕೆಳಗಿನವರೆಗೂ ಹಬ್ಬಿದೆ. ಅಂಚು ಗುರುತಿಸಬಹುದು, ಆದರೆ ಸುತ್ತ ಬಿಳಿ ಗೆರೆಯಿಲ್ಲ. ಕುಳಿಯೊಳಗೆ ಸುಣ್ಣದ ಚುಕ್ಕೆಗಳೂ ಇಲ್ಲ. ಮೂಳೆಯ ಹೊರಗೋಡೆ ತೆಳುವಾಗಿ ಉಬ್ಬಿದೆ. ಕೆಲವೊಮ್ಮೆ ಒಳಗಿನ ಗೆರೆಗಳಿಂದಾಗಿ ಇದು ಸೋಪಿನ ಗುಳ್ಳೆಗಳ ಗೊಂಚಲಿನಂತೆ ಕಾಣುವುದೂ ಉಂಟು.

ಚಿತ್ರ ನೋಡಿದ ಕೂಡಲೇ ಆಪರೇಷನ್ ಮಾಡುವುದಿಲ್ಲ. ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆಯಿಂದಲೂ ಇಂಥದ್ದೇ ಕುಳಿ ಬೀಳಬಹುದು, ಸೂಕ್ಷ್ಮದರ್ಶಕದಲ್ಲೂ ಎರಡೂ ಒಂದೇ ರೀತಿ ಕಾಣಬಹುದು. ಹಾಗಾಗಿ ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷಿಸಬೇಕು. ಗಡ್ಡೆ ಮೂಳೆಯ ಹೊರಗೆ ಬಂದಿದೆಯೇ ಎಂದು ತಿಳಿಯಲು ಎಂಆರ್‌ಐ, ಖಚಿತಪಡಿಸಲು ಬಯಾಪ್ಸಿ ಬೇಕು. ಅಪರೂಪಕ್ಕೆ ಶ್ವಾಸಕೋಶಕ್ಕೂ ಹರಡುವುದರಿಂದ ಎದೆಯ ಚಿತ್ರವನ್ನೂ ತೆಗೆಸುತ್ತಾರೆ.

ಕೆರೆದು ತೆಗೆಯುವುದು ಹೇಗೆ?

ಕೀಲು ಉಳಿಸಬಹುದಾದರೆ ಕ್ಯುರೆಟೇಜ್ ಮಾಡುತ್ತಾರೆ. ಅಂದರೆ ಮೂಳೆಯಲ್ಲಿ ಕಿಟಕಿ ತೆರೆದು, ಚಮಚದಂಥ ಉಪಕರಣದಿಂದ ಗಡ್ಡೆಯನ್ನು ಕೆರೆಯುವುದು. ಇಲ್ಲಿ ಸಾಮಾನ್ಯ ತಪ್ಪೆಂದರೆ ಕಿಟಕಿಯನ್ನು ಚಿಕ್ಕದಾಗಿ ತೆರೆಯುವುದು. ಆಗ ಮೂಲೆಗಳು ಕಣ್ಣಿಗೆ ಬೀಳುವುದಿಲ್ಲ, ಗಡ್ಡೆ ಅಲ್ಲೇ ಉಳಿಯುತ್ತದೆ. ಕಿಟಕಿ ಹೆಚ್ಚುಕಡಿಮೆ ಕುಳಿಯಷ್ಟೇ ದೊಡ್ಡದಿರಬೇಕು.

ಕೆರೆದ ಮೇಲೂ ಗೋಡೆಯ ಸಣ್ಣ ರಂಧ್ರಗಳಲ್ಲಿ ಕೋಶಗಳು ಅಡಗಿರುತ್ತವೆ. ಬರೀ ಕೆರೆದು ಬಿಟ್ಟರೆ ಕಾಲುಭಾಗದಿಂದ ಅರ್ಧದಷ್ಟು ರೋಗಿಗಳಲ್ಲಿ ಗಡ್ಡೆ ಮರಳಬಹುದು. ಅದಕ್ಕೇ ವೇಗವಾಗಿ ತಿರುಗುವ ಬರ್‌ನಿಂದ ಗೋಡೆಯನ್ನು ಇನ್ನಷ್ಟು ಸವೆಸಿ, ಸಲೈನ್‌ನಿಂದ ರಭಸವಾಗಿ ತೊಳೆಯುತ್ತಾರೆ.

ಉಳಿದ ಕೋಶಗಳಿಗೆ ಏನು ಮದ್ದು?

ನಂತರ ಗೋಡೆಗೆ ಫೀನಾಲ್ ಹಚ್ಚಿ ಆಲ್ಕೋಹಾಲ್‌ನಿಂದ ತೊಳೆಯಬಹುದು. ಹೈಡ್ರೋಜನ್ ಪೆರಾಕ್ಸೈಡ್ ಬಳಸುವವರೂ ಇದ್ದಾರೆ. ದ್ರವ ನೈಟ್ರೋಜನ್ ಹೆಚ್ಚು ಆಳದವರೆಗೆ ಕೋಶಗಳನ್ನು ಕೊಲ್ಲುತ್ತದೆ, ಆದರೆ ಮೂಳೆ ಮುರಿಯುವ, ಚರ್ಮ ಮತ್ತು ನರಕ್ಕೆ ಹಾನಿಯಾಗುವ ಅಪಾಯವೂ ಹೆಚ್ಚು. ಈ ಮದ್ದುಗಳು ಸರಿಯಾಗಿ ಕೆರೆಯುವುದಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.

ಕೊನೆಗೆ ಕುಳಿಗೆ ಮೂಳೆ ಸಿಮೆಂಟ್ ತುಂಬುತ್ತಾರೆ. ಗಟ್ಟಿಯಾಗುವಾಗ ಹೊಮ್ಮುವ ಶಾಖ ಉಳಿದ ಕೋಶಗಳನ್ನು ಸುಡುತ್ತದೆ, ಕಾಲಿಗೆ ತಕ್ಷಣ ಬಲವೂ ಬರುತ್ತದೆ. ಆದರೆ ಅದೇ ಶಾಖ ಮೃದ್ವಸ್ಥಿಗೆ ಹಾನಿ. ಆ ಮಹಿಳೆಯಂತೆ ಗಡ್ಡೆ ಕೀಲಿನವರೆಗೆ ಹಬ್ಬಿದ್ದರೆ, ಮೃದ್ವಸ್ಥಿಯ ಕೆಳಗೆ ಮೊದಲು ಮೂಳೆಚೂರುಗಳ ಪದರ ಹಾಕಿ, ನಂತರ ಸಿಮೆಂಟ್ ತುಂಬುವುದು ರೂಢಿ.

ಮರಳಿ ಬಂದರೆ ತಿಳಿಯುವುದು ಹೇಗೆ?

ಹೆಚ್ಚಿನ ಗಡ್ಡೆಗಳು ಮರಳುವುದು ಮೊದಲ ಎರಡು ವರ್ಷಗಳಲ್ಲಿ. ಆಗ ಸಿಮೆಂಟ್ ಮತ್ತೊಂದು ರೀತಿ ನೆರವಾಗುತ್ತದೆ. ಎಕ್ಸ್‌-ರೇಯಲ್ಲಿ ಅದು ಬೆಳ್ಳಗೆ ಕಾಣುವುದರಿಂದ, ಅದರ ಪಕ್ಕದಲ್ಲಿ ಹೊಸ ಕಪ್ಪು ಪ್ರದೇಶ ಮೂಡಿ ಅಗಲವಾಗುತ್ತಾ ಹೋದರೆ ಬೇಗ ಗೊತ್ತಾಗುತ್ತದೆ. ಸಿಮೆಂಟ್ ಸುತ್ತ ತೆಳುವಾದ, ಬದಲಾಗದ ಕಪ್ಪು ಗೆರೆ ಇದ್ದರೆ ಸಾಮಾನ್ಯವಾಗಿ ಆತಂಕವಿಲ್ಲ.

ಆದ್ದರಿಂದ ಬೇರೆ ಊರಿಗೆ ಹೋದರೂ ಹಳೆಯ ಎಕ್ಸ್‌-ರೇಗಳನ್ನು ಜೋಪಾನವಾಗಿಡಬೇಕು. ಗೆರೆ ಅಗಲವಾಗಿದೆಯೋ ಇಲ್ಲವೋ ಎಂಬುದು ಹಳೆಯದನ್ನು ಹೊಸದರ ಪಕ್ಕ ಇಟ್ಟು ನೋಡಿದಾಗಲಷ್ಟೇ ತಿಳಿಯುತ್ತದೆ.